ಸಂಗನಕಲ್ಲಿನ ಸುಟ್ಟ ಹುರುಳಿ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ದಾರಿಯಲ್ಲಿ ಕುಡತಿನಿಯ ಬೂದಿದಿಬ್ಬ, ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲಿನ ಗುಡ್ಡಗಳು. ಅಲ್ಲಿನ ನವಶಿಲಾಯುಗದ ನೆಲೆಗಳ ಕಾಲ ಹೇಳಿದ್ದರಲ್ಲಿ ಸುಟ್ಟು ಕರಕಾದ ಕಾಳುಗಳ ಪಾಲು ದೊಡ್ಡದು. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಗೆದ ಮಣ್ಣನ್ನು ನೀರಿಗೆ ಹಾಕಿ, ತೇಲಿಬಂದ ಕಾಳುಗಳನ್ನು ಸಣ್ಣ ಜರಡಿಯಲ್ಲಿ ಹಿಡಿದರು.

ಗಿಡ ಬದುಕಿರುವಾಗ ಗಾಳಿಯಿಂದ ಕಾರ್ಬನ್-14 ಹೀರುತ್ತದೆ. ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧವಾಗುತ್ತದೆ. ನೂರರಲ್ಲಿ 65 ಪಾಲು ಉಳಿದಿದ್ದರೆ ವಯಸ್ಸು ಸುಮಾರು 3,500 ವರ್ಷ. ಗಾಳಿಯಲ್ಲಿನ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಇರಲಿಲ್ಲವಾದ್ದರಿಂದ, ವಯಸ್ಸು ಗೊತ್ತಿರುವ ಮರದ ಉಂಗುರಗಳೊಂದಿಗೆ ಹೋಲಿಸಿ ಲೆಕ್ಕ ತಿದ್ದುತ್ತಾರೆ.

ಮರದ ಇದ್ದಿಲಿದ್ದರೂ ಕಾಳನ್ನೇ ಆರಿಸುವ ಜಾಣ್ಮೆ ನನಗೆ ಬಹಳ ಇಷ್ಟ. ಮರದ ಒಳ ಉಂಗುರ ಬೆಳೆದ ವರ್ಷವೇ ಕಾರ್ಬನ್ ಹೀರುವುದನ್ನು ನಿಲ್ಲಿಸಿರುತ್ತದೆ. ಇನ್ನೂರು ವರ್ಷದ ಮರದ ತಿರುಳನ್ನು ಒಲೆಗೆ ಹಾಕಿದ್ದರೆ, ಆ ಒಲೆ ಇರುವುದಕ್ಕಿಂತ ಸುಮಾರು ಇನ್ನೂರು ವರ್ಷ ಹೆಚ್ಚು ಹಳೆಯದೆಂದು ಕಾಣುತ್ತದೆ. ಹುರುಳಿ ಒಂದೇ ಹಂಗಾಮಿನ ಬೆಳೆ, ಆ ಮೋಸ ಅದರಲ್ಲಿಲ್ಲ.

ಮೂಳೆಯಲ್ಲಿ ಅಳೆಯಬೇಕಾದದ್ದು ಕೊಲಾಜನ್ ಎಂಬ ಪ್ರೋಟೀನು. ನಮ್ಮ ಬಿಸಿಲುಸೀಮೆಯ ಮಣ್ಣಿನಲ್ಲಿ ಅದು ಬಹುಪಾಲು ಕರಗಿಹೋಗಿರುತ್ತದೆ. ಹಾಗಾಗಿ ದನದ ಮೂಳೆ ರಾಶಿಯಿದ್ದ ಕಡೆಯೂ ಕಾಳಿಗಾಗಿ ಮಣ್ಣು ತೊಳೆಯಬೇಕಾಗುತ್ತದೆ.