ಗಾಜಿನ ಹಿಂದಿನ ಬಿಸಿಲು

ಊರು ತಂಪಾಗಿದೆಯೆಂದು ಫೋನನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆಯೇ ಬಿಟ್ಟು ಇಳಿಯುವ ಅಭ್ಯಾಸ ಹಾಸನದ ಕಡೆ ತೀರಾ ಸಾಮಾನ್ಯ. ‘ಬಡವರ ಊಟಿ’ ಅನ್ನಿಸಿಕೊಂಡ ಊರಲ್ಲವೇ! ಐಫೋನ್ ಬಳಸಲು ಆಪಲ್ ಹೇಳುವ ಮಿತಿ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮಧ್ಯಾಹ್ನದಲ್ಲೂ ನಮ್ಮಲ್ಲಿ ಹೆಚ್ಚಾಗಿ ಅದರ ಒಳಗೇ ಇರುತ್ತದೆ ಎಂದು ಜನ ನಿಶ್ಚಿಂತರಾಗುತ್ತಾರೆ. ನನ್ನ ತಕರಾರು ಈ ಲೆಕ್ಕದ ಮೇಲೆಯೇ. ಆ 35 ಡಿಗ್ರಿ ಫೋನಿನ ಸುತ್ತಲಿನ ಗಾಳಿಗೆ ಹೇಳಿದ್ದು. ಹೊಳೆನರಸೀಪುರದ್ದೋ ಅರಕಲಗೂಡಿನದ್ದೋ ಹವಾಮಾನ ನೋಡಿದರೆ ಕಾರಿನೊಳಗಿನ ಗಾಳಿಯ ಬಿಸಿ ತಿಳಿಯುವುದಿಲ್ಲ.

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋದವರೊಬ್ಬರು ಬಿಸಿಲಲ್ಲಿ ಕಾರು ನಿಲ್ಲಿಸಿ ವಿಂಧ್ಯಗಿರಿ ಹತ್ತಿದರು ಎಂದಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಮ್ಯಾಪ್ ತೋರಿಸುತ್ತ, ಚಾರ್ಜ್ ಆಗುತ್ತ ಬಂದ ಫೋನು ನೂರಕ್ಕೆ ನೂರು ತುಂಬಿದೆ. ಅದನ್ನು ಗಾಜಿನ ಹಿಂದಿನ ಸ್ಟ್ಯಾಂಡಿನಲ್ಲೇ ಬಿಟ್ಟಿದ್ದಾರೆ. ಹೊರಗೆ 33 ಡಿಗ್ರಿ. ನಿಂತ ಕಾರಿನ ಒಳಬಿಸಿ ಗಂಟೆಯಲ್ಲಿ ಸುಮಾರು 22 ಡಿಗ್ರಿ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ ಎಂದು 2005ರಲ್ಲಿ ಅಮೆರಿಕದ ವೈದ್ಯರು ಅಳೆದು ತೋರಿಸಿದರು. ಕಿಟಕಿ ಚೂರು ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿರಲಿಲ್ಲ. ಆ ಲೆಕ್ಕದಲ್ಲಿ ನಮ್ಮ ಕಾರಿನೊಳಗೆ 55 ಡಿಗ್ರಿ. ನೇರ ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ ಇನ್ನೂ ಬಿಸಿ. ಫೋನು ಆಫ್ ಆಗಿದ್ದರೂ ಆಪಲ್ ಒಪ್ಪುವುದು 45 ಡಿಗ್ರಿವರೆಗೆ ಮಾತ್ರ.

ತುಂಬಿದ ಚಾರ್ಜೂ ಈ ಬಿಸಿಯೂ ಒಟ್ಟಿಗೆ ಸೇರುವುದೇ ಬ್ಯಾಟರಿಗೆ ಕೆಟ್ಟ ಪೆಟ್ಟು. ಲಿಥಿಯಂ ಕೋಶದೊಳಗಿನ ದ್ರಾವಣ ಬೇಗ ಒಡೆಯುತ್ತದೆ, ಹಿಡಿದಿಡುವ ಶಕ್ತಿ ಕುಂದುತ್ತದೆ. 40 ಡಿಗ್ರಿಯಲ್ಲಿ ವರ್ಷವಿಡೀ ಇಟ್ಟ ಬ್ಯಾಟರಿಯ ಬಗ್ಗೆ ಒಂದು ಪ್ರಚಲಿತ ಅಂದಾಜಿದೆ: ಶೇ. 40 ಚಾರ್ಜ್ ಇದ್ದರೆ ಅದರ ಸಾಮರ್ಥ್ಯ ಶೇ. 85 ಉಳಿಯುತ್ತದೆ, ಪೂರ್ತಿ ತುಂಬಿದ್ದರೆ ಶೇ. 65ಕ್ಕೆ ಇಳಿಯುತ್ತದೆ. ಒಂದು ಮಧ್ಯಾಹ್ನದ ನಷ್ಟ ಕಣ್ಣಿಗೆ ಕಾಣದು, ಆದರೆ ಹೋದದ್ದು ಮರಳುವುದಿಲ್ಲ.

ಬೆಟ್ಟ ಇಳಿದು ಬಂದವರು ಮಾಡುವ ತಪ್ಪು ಇನ್ನೊಂದಿದೆ. ಬಿಸಿ ಫೋನು ಚಾರ್ಜ್ ಹಿಡಿಯುವುದಿಲ್ಲ. ಕೇಬಲ್ ಹಾಳಾಗಿದೆ ಎಂದುಕೊಂಡು ಬೇರೆಯದನ್ನು ಚುಚ್ಚಿ ನೋಡುತ್ತಾರೆ. ಚಾರ್ಜಿಂಗ್ ನಿಲ್ಲಿಸಿದ್ದು ಫೋನೇ, ತನ್ನನ್ನು ಕಾಪಾಡಿಕೊಳ್ಳಲು. ಈ ಏರ್ಪಾಡು ಒಳ್ಳೆಯದು ಎಂದು ಒಪ್ಪುತ್ತೇನೆ, ಆದರೆ ಸಾಲದು: ಎಚ್ಚರಿಕೆ ಕಾಣಿಸುವ ಮೊದಲೇ ಸವೆತ ಶುರುವಾಗಿರುತ್ತದೆ. ಅಂಥ ಫೋನನ್ನು ಕವರ್ ಕಳಚಿ, ಆಫ್ ಮಾಡಿ, ನೆರಳಲ್ಲಿ ಆರಲು ಬಿಡಬೇಕು. ಫ್ರಿಜ್‌ನಲ್ಲಿಟ್ಟರೆ ಒಳಗೆ ತೇವ ಕಟ್ಟುತ್ತದೆ. ವೇಗದ ಚಾರ್ಜರ್ ಆಮೇಲೆ.

ಪರದೆಯ ಅಂಚು ಮೇಲೆದ್ದಿದ್ದರೆ, ಅಥವಾ ಸಪಾಟಾಗಿದ್ದ ಹಿಂಬದಿ ಉಬ್ಬಿ ಫೋನು ಮೇಜಿನ ಮೇಲೆ ತೊನೆದಾಡಿದರೆ, ಬ್ಯಾಟರಿಯೊಳಗೆ ಅನಿಲ ತುಂಬಿದೆ ಎಂದೇ ತಿಳಿಯಬೇಕು. ಮತ್ತೆ ಚಾರ್ಜಿಗೆ ಹಾಕಬಾರದು, ಒತ್ತಿ ಸರಿಮಾಡಲೂ ಹೋಗಬಾರದು. ಬ್ಯಾಟರಿ ಬದಲಿಸಲು ಬಲ್ಲವರ ಕೈಗೆ ಕೊಡಬೇಕು.