ನೂರು ದಿನದ ಯೋಜನೆಯಲ್ಲಿ ಕಂಪನಿ ಎಲ್ಲಿದೆ?

ದೊಡ್ಡ ಹುದ್ದೆಯ ಸಂದರ್ಶನದ ಕೊನೆಯ ಸುತ್ತಿಗೆ ಕರೆಯುವಾಗ ಈಗ ಎಷ್ಟೋ ಕಂಪನಿಗಳು ಒಂದು ಮಾತು ಸೇರಿಸುತ್ತವೆ: ಬರುವಾಗ ನಿಮ್ಮ ಮೊದಲ ನೂರು ದಿನದ ಯೋಜನೆ ತನ್ನಿ. ಈ ಲೆಕ್ಕ ಬಂದದ್ದು ರಾಜಕಾರಣದಿಂದ. 1933ರಲ್ಲಿ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಂಸತ್ತಿನ ವಿಶೇಷ ಅಧಿವೇಶನ ಕರೆದು, ಮಾರ್ಚ್‌ನಿಂದ ಜೂನ್ ನಡುವಿನ ಸುಮಾರು ನೂರು ದಿನಗಳಲ್ಲಿ ಸಾಲುಸಾಲು ಕಾನೂನುಗಳನ್ನು ಪಾಸು ಮಾಡಿಸಿದರು. ಆಗ ಅವರು ಅಧಿಕಾರದಲ್ಲಿದ್ದರು, ಖಜಾನೆಯ ಪುಸ್ತಕ ಅವರ ಮುಂದಿತ್ತು. ಸಂದರ್ಶನಕ್ಕೆ ಬರುವವರ ಕೈಯಲ್ಲಿ ಎರಡೂ ಇರುವುದಿಲ್ಲ. ಈ ಪದ್ಧತಿಯ ಬಲವೂ ದೌರ್ಬಲ್ಯವೂ ಇಲ್ಲಿಂದಲೇ ಹುಟ್ಟುತ್ತವೆ.

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಪಂಪ್‌ಸೆಟ್ ಕಾರ್ಖಾನೆಯ ಆಯ್ಕೆ ಸಮಿತಿಯಲ್ಲಿ ನಾನಿದ್ದೆ. ಕಾರ್ಖಾನೆ, ಮಾರಾಟ ಎರಡನ್ನೂ ನೋಡಿಕೊಳ್ಳುವ ಹುದ್ದೆ. ಡಿಸೆಂಬರ್ 1ಕ್ಕೆ ಕೆಲಸಕ್ಕೆ ಬರಬೇಕು. ಮೊದಲು ಬಂದವರು 24 ಸ್ಲೈಡ್ ತೋರಿಸಿದರು. ಮೊದಲ ಮೂವತ್ತು ದಿನ ಎಲ್ಲರ ಮಾತು ಕೇಳುವುದು, ಮುಂದಿನ ಮೂವತ್ತು ದಿನ ತಂತ್ರ ರೂಪಿಸುವುದು, ಉಳಿದ ನಲವತ್ತು ದಿನ ಜಾರಿಗೆ ತರುವುದು. ನಡುವೆ ಒಂದು ಭರವಸೆ: 60ನೆಯ ದಿನಕ್ಕೆ ಗೋದಾಮಿನ ದಾಸ್ತಾನು ಶೇಕಡ 20 ಇಳಿಸುತ್ತೇನೆ. ಎಲ್ಲವನ್ನೂ ನೋಡಿದ ಮೇಲೆ ಹಿರಿಯ ಮಾಲೀಕರು ಕೇಳಿದರು: “ಸರ, ಭಾಳ ಚಲೋ ಮಾಡೀರಿ. ಆದ್ರ ಇದರಾಗ ನಮ್ಮ ಪಂಪ್ ಎಲ್ಲಿ ಐತ್ರಿ?”

ಅದು ಸರಿಯಾದ ಪ್ರಶ್ನೆ. ಕಂಪನಿಯ ಹೆಸರು ಅಳಿಸಿ ಆ ಸ್ಲೈಡುಗಳನ್ನು ಆಸ್ಪತ್ರೆಗೋ ಬ್ಯಾಂಕಿಗೋ ಕೊಟ್ಟಿದ್ದರೂ ಹೊಂದುತ್ತಿದ್ದವು. ಅವುಗಳಲ್ಲಿ ಈ ವ್ಯವಹಾರಕ್ಕೆ ಸೇರಿದ್ದು ದಾಸ್ತಾನಿನ ಮಾತೊಂದೇ. ಅದೇ ತಪ್ಪಾಗಿತ್ತು. ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಇಳಿಯುವ ಜನವರಿಯಿಂದ ಮುಂಗಾರು ಹಿಡಿಯುವವರೆಗೆ ರೈತ ಪಂಪ್ ಕೊಳ್ಳುತ್ತಾನೆ. ಆ ಬೇಸಿಗೆಗೆಂದೇ ಕಾರ್ಖಾನೆ ಚಳಿಗಾಲದಲ್ಲಿ ಮೋಟಾರು, ಪಂಪ್ ಕೂಡಿಡುತ್ತದೆ. ಡಿಸೆಂಬರ್‌ನಲ್ಲಿ ಬಂದವರು ಜನವರಿ ಕೊನೆಗೆ ಐದರಲ್ಲೊಂದು ಪಾಲು ಇಳಿಸಿದರೆ ಏಪ್ರಿಲ್‌ನಲ್ಲಿ ವಿತರಕರ ಅಂಗಡಿ ಬರಿದಾಗುತ್ತದೆ. ಕೊಳ್ಳಲು ಬಂದ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇದನ್ನು ಆ ಅಭ್ಯರ್ಥಿಯ ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಂಕಿ ಹೇಳಿದವರೇ ಧೈರ್ಯವಂತರು ಎಂದು ನಂಬುವ ಸಮಿತಿಗಳೇ ಇಂಥ ಭರವಸೆಗಳನ್ನು ಬೆಳೆಸಿವೆ. ಹಾಗೆ ಬಾಯಿಂದ ಹೊರಬಿದ್ದ ಅಂಕಿ ಬಂದವರನ್ನು ಕಟ್ಟಿಹಾಕುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸತ್ಯ ಬೇರೆ ಕಂಡರೂ ಹೇಳಿದ್ದನ್ನು ಸಮರ್ಥಿಸಿಕೊಳ್ಳುವ ಹಟ ಹುಟ್ಟುತ್ತದೆ. ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಗಳ ಮುಖ್ಯಸ್ಥರಾಗಿ ರಾನ್ ಜಾನ್ಸನ್ 2011ರ ನವೆಂಬರ್‌ನಲ್ಲಿ ಬಂದರು. ನೂರು ದಿನ ತುಂಬುವ ಮೊದಲೇ, 2012ರ ಜನವರಿಯಲ್ಲಿ, ರಿಯಾಯಿತಿ ಕೂಪನ್‌ಗಳನ್ನು ಕೈಬಿಟ್ಟು ಹೊಸ ಬೆಲೆ ಪದ್ಧತಿ ಘೋಷಿಸಿದರು. ನಾಲ್ಕಾರು ಮಳಿಗೆಗಳಲ್ಲಿ ಮೊದಲು ಪರೀಕ್ಷಿಸಿ ನೋಡಲಿಲ್ಲ. ಆ ವರ್ಷ ಮಾರಾಟ ಸುಮಾರು ಕಾಲುಭಾಗ ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರು ಹೊರನಡೆಯಬೇಕಾಯಿತು. ಇನ್ನೊಂದು ಕಡೆ, 1993ರ ಏಪ್ರಿಲ್‌ನಲ್ಲಿ ಐಬಿಎಂಗೆ ಬಂದ ಲೂ ಗರ್ಸ್ಟ್ನರ್ ಮೊದಲ ತಿಂಗಳಲ್ಲೇ ಐವತ್ತು ಹಿರಿಯ ಅಧಿಕಾರಿಗಳನ್ನು ಕರೆದು, ಮೂರು ತಿಂಗಳೊಳಗೆ ತಲಾ ಕನಿಷ್ಠ ಐದು ದೊಡ್ಡ ಗ್ರಾಹಕರನ್ನು ಕಂಡು ವರದಿ ಕೊಡಲು ಹೇಳಿದರು. ಅವರು ಬರುವ ಮೊದಲೇ ಕಂಪನಿಯನ್ನು ತುಂಡು ಮಾಡುವ ಸಿದ್ಧತೆ ನಡೆದಿತ್ತು. ಗ್ರಾಹಕರ ಮಾತು ಕೇಳಿದ ಮೇಲೆ ಒಡೆಯಬಾರದೆಂಬ ತೀರ್ಮಾನ ಗಟ್ಟಿಯಾಯಿತು. ಅವರ ಮೊದಲ ದಿನಗಳ ಕೆಲಸವೆಂದರೆ ಒಂದು ದೊಡ್ಡ ನಿರ್ಧಾರಕ್ಕೆ ಬೇಕಾದ ಸಾಕ್ಷ್ಯ ಕೂಡಿಸುವುದಾಗಿತ್ತು.

ನಮ್ಮ ಸಂದರ್ಶನಕ್ಕೆ ಎರಡನೆಯವರಾಗಿ ಬಂದ ಹೆಣ್ಣುಮಗಳು ತಂದದ್ದು ಒಂದೇ ಹಾಳೆ. ಅದರಲ್ಲಿ ಮೂರು ಕಾಲಂ: ಗೊತ್ತಿರುವುದು, ಊಹಿಸಿದ್ದು, ಕೇಳಬೇಕಾದದ್ದು. ಕಂಪನಿಯ ಸಾಲಕ್ಕೆ ದರ್ಜೆ ಕೊಡುವ ರೇಟಿಂಗ್ ಸಂಸ್ಥೆ ತನ್ನ ಜಾಲತಾಣದಲ್ಲಿ ಹಾಕಿದ್ದ ವಿವರಣೆಯನ್ನು ಅವರು ಓದಿಕೊಂಡಿದ್ದರು. ಅದನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ಆದರೂ ಅಭ್ಯರ್ಥಿಗಳು ನೋಡುವುದು ಅಪರೂಪ. ವಿತರಕರಿಂದ ಬಾಕಿ ವಸೂಲಿಗೆ ಮೊದಲು 70 ದಿನ ಹಿಡಿಯುತ್ತಿದ್ದದ್ದು 95 ದಿನಕ್ಕೆ ಏರಿದೆ ಎಂದು ಅಲ್ಲಿತ್ತು. ಇದು ಅವರ ಮೊದಲ ಕಾಲಂ.

ಎರಡನೆಯ ಕಾಲಂನಲ್ಲಿ ಎರಡು ಕಾರಣ ಬರೆದಿದ್ದರು. ಒಂದು, ಮಾರ್ಚ್ ಕೊನೆಗೆ ವರ್ಷದ ಗುರಿ ಮುಟ್ಟಿಸಲು ವಿತರಕರ ಮೇಲೆ ಬೇಡದ ಸರಕು ಹೇರಿರಬಹುದು. ಇನ್ನೊಂದು, ಸರ್ಕಾರಿ ಯೋಜನೆಗಳಿಗೆ ಕೊಟ್ಟ ಪಂಪ್‌ಗಳ ಬಿಲ್ಲು ಪಾವತಿಯಾಗದೆ ನಿಂತಿರಬಹುದು. ಎರಡನ್ನೂ ಬೇರ್ಪಡಿಸುವ ದಾರಿ ಮೂರನೆಯ ಕಾಲಂನಲ್ಲಿತ್ತು. ಕಳೆದ ಮಾರ್ಚ್‌ನ ಕೊನೆಯ ವಾರ ಎಷ್ಟು ಸರಕು ಹೊರಟಿತು, ಏಪ್ರಿಲ್‌, ಮೇನಲ್ಲಿ ಎಷ್ಟು ವಾಪಸ್ಸು ಬಂತು? ಬಾಕಿ ನೂರಾರು ಅಂಗಡಿಗಳಲ್ಲಿ ಹರಡಿದೆಯೋ, ನಾಲ್ಕೈದು ಸರ್ಕಾರಿ ಖಾತೆಗಳಲ್ಲಿ ಕೂತಿದೆಯೋ? ಮೊದಲ ಕಾರಣ ನಿಜವಾದರೆ ಮಾರಾಟಗಾರರ ಇನ್ಸೆಂಟಿವ್ ಅನ್ನು ಕಾರ್ಖಾನೆಯಿಂದ ಹೊರಟ ಸರಕಿನ ಬದಲು ಅಂಗಡಿಯಿಂದ ರೈತನಿಗೆ ಹೋದ ಸರಕಿಗೆ ಕಟ್ಟಬೇಕು. ಎರಡನೆಯದಾದರೆ ಮಾರಾಟಗಾರರದು ತಪ್ಪೇ ಅಲ್ಲ, ಸರ್ಕಾರಿ ಆರ್ಡರಿಗೆ ಮಿತಿ ಹಾಕುವ ಮಾತು ಹಣಕಾಸು ವಿಭಾಗದ ಜೊತೆ ಆಗಬೇಕು.

ತಾರೀಖುಗಳನ್ನೂ ಅವರು ಬರೀ ದಿನದ ಲೆಕ್ಕದಲ್ಲಿ ಹಾಕಿರಲಿಲ್ಲ. ಡಿಸೆಂಬರ್ 1ರಿಂದ ಎಣಿಸಿದರೆ 45ನೆಯ ದಿನ ಜನವರಿ 14, ಸಂಕ್ರಾಂತಿ. ಕಾರಣ ಯಾವುದೆಂದು ಅಷ್ಟರೊಳಗೆ ತೀರ್ಮಾನವಾಗಬೇಕು, ಏಕೆಂದರೆ ಮುಂದಿನ ವರ್ಷದ ಬಜೆಟ್ ಫೆಬ್ರವರಿಯಲ್ಲಿ ಮುಗಿಯುತ್ತದೆ. ಇನ್ಸೆಂಟಿವ್ ಬದಲಿಸುವುದಿದ್ದರೆ ಅದಕ್ಕೆ ಬೇಕಾದ ಹಣ ಆ ಬಜೆಟ್‌ನಲ್ಲಿ ಇರಬೇಕು, ತಪ್ಪಿದರೆ ಇಡೀ ವರ್ಷ ಕೈಕಟ್ಟಿ ಕೂರಬೇಕು. ನೂರನೆಯ ದಿನ ಮಾರ್ಚ್ 10. ಮಾರಾಟ ವಿಭಾಗ ವಿತರಕರ ಮೇಲೆ ಸರಕು ಹೇರಲು ಹೊರಡುವ ಮೂರು ವಾರ ಶುರುವಾಗುವುದೇ ಆಗ. ಹೇರಬೇಡಿ ಎಂದರೆ ಆ ವರ್ಷದ ಗುರಿ ತಪ್ಪುತ್ತದೆ. “ಆ ತಿಂಗಳು ಅಂಕಿ ಕೆಳಗೆ ಬಂದರೆ ನೀವು ನನ್ನ ಜೊತೆ ನಿಲ್ಲುತ್ತೀರಾ?” ಎಂದು ಅವರು ಸಮಿತಿಯನ್ನೇ ಕೇಳಿದರು. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು.

ಆ ಹಾಳೆಯಲ್ಲೂ ಕೊರತೆಯಿತ್ತು. ಕಾರ್ಖಾನೆಯ ಒಳಗಿನ ಕೆಲಸದ ಬಗ್ಗೆ, ಯೂನಿಯನ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಹುದ್ದೆಯ ಅರ್ಧ ಭಾರ ಇದ್ದದ್ದು ಅಲ್ಲೇ. ತನ್ನ ಕೈಕೆಳಗಿನ ಯಾರು ಇದೇ ಹುದ್ದೆಗೆ ಅರ್ಜಿ ಹಾಕಿ ಸೋತಿದ್ದಾರೆ, ಅವರ ಜೊತೆ ಮೊದಲ ವಾರ ಹೇಗೆ ಮಾತಾಡಬೇಕು ಎನ್ನುವುದನ್ನೂ ಅವರು ಕೇಳಿರಲಿಲ್ಲ. ಹೊರಗಿನಿಂದ ಬಂದವರ ಯೋಜನೆ ಮುರಿಯುವುದು ಬಹುಪಾಲು ಈ ಒಬ್ಬ ಮನುಷ್ಯನ ಮೌನದಲ್ಲಿ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಇಂಥ ಹುದ್ದೆಯವರಿಗೆ ನೋಟಿಸ್ ಅವಧಿ ಎಷ್ಟೋ ಕಡೆ ಮೂರು ತಿಂಗಳು. ಸಂದರ್ಶನದಲ್ಲಿ ತೋರಿಸಿದ ಹಾಳೆ ಕೆಲಸಕ್ಕೆ ಸೇರುವ ಹೊತ್ತಿಗೆ ಒಂದು ಋತುವಿನಷ್ಟು ಹಳೆಯದಾಗಿರುತ್ತದೆ. ಹಾಗಾಗಿ ಆ ಹಾಳೆಯನ್ನು ಕರಾರುಪತ್ರವೆಂದು ಓದುವುದೇ ತಪ್ಪು. ಅಭ್ಯರ್ಥಿ ಹೇಗೆ ಯೋಚಿಸುತ್ತಾರೆ, ಏನನ್ನು ಕಂಡರೆ ಮನಸ್ಸು ಬದಲಿಸುತ್ತಾರೆ ಎಂಬುದಕ್ಕೆ ಅದು ಸಾಕ್ಷಿ, ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ.

ಆಯ್ಕೆ ಮಾಡುವವರಲ್ಲಿ ನನ್ನದೊಂದು ಕೇಳಿಕೆ. ಯೋಜನೆ ತನ್ನಿ ಎಂದು ಹೇಳುವ ದಿನವೇ ಅಭ್ಯರ್ಥಿಗೆ ಎರಡು ವರ್ಷದ ತಿಂಗಳವಾರು ಮಾರಾಟದ ಲೆಕ್ಕ, ದಾಸ್ತಾನಿನ ಲೆಕ್ಕ ಕೊಡಿ, ಗೌಪ್ಯತೆಯ ಪತ್ರಕ್ಕೆ ಬೇಕಾದರೆ ಸಹಿ ಹಾಕಿಸಿಕೊಳ್ಳಿ. ಒಂದು ದಿನ ಕಾರ್ಖಾನೆಯಲ್ಲಿ ಓಡಾಡಲು ಬಿಡಿ. ಆಮೇಲೆ ಅವರು ಏನು ಬರೆದು ತರುತ್ತಾರೆ ನೋಡಿ.