ನಾಲ್ಕು ಕವಡೆ, ಐದು ಗರ

ಹೊನ್ನಾವರ, ಕುಮಟಾ ಕಡೆಯ ಜಗುಲಿಯ ಚೌಕಾಬಾರದಲ್ಲಿ ನಾಲ್ಕು ಕವಡೆಗೆ ಐದೇ ಗರ: ಒಂದು, ಎರಡು, ಮೂರು, ನಾಲ್ಕು, ಎಲ್ಲ ಬೋರಲಾದರೆ ಎಂಟು. ಕವಡೆ ನಾಣ್ಯದಂತಲ್ಲ, ಬೆನ್ನುಬ್ಬಿದ ಅದರ ಸಂಭವನೀಯತೆಯನ್ನು ಎಸೆದೇ ಎಣಿಸಬೇಕು.

ನೂರು ಸಲ ಎಸೆದರೆ ಪ್ರತಿ ಎಸೆತವೂ ಒಂದೇ ಗರದ ಲೆಕ್ಕಕ್ಕೆ ಸೇರುತ್ತದೆ. ಎಲ್ಲ ಕೂಡಿದರೆ ನೂರು. ನೂರರಿಂದ ಭಾಗಿಸಿದರೆ ಒಂದು. ಮೊದಲ ನಾಲ್ಕು ಗರಗಳಿಗೆ 0.15, 0.35, 0.34, 0.13 ಬಂತೆನ್ನಿ. ಮೊತ್ತ 0.97. ಎಂಟನ್ನು ಎಣಿಸಬೇಕಿಲ್ಲ, ಅದು 0.03. ಎಷ್ಟು ಚೊಕ್ಕ!

ಆದರೆ ಒಂದು ಕವಡೆ ಇನ್ನೊಂದಕ್ಕೆ ಒರಗಿ ನಿಂತರೆ? ಆ ಎಸೆತವನ್ನು ನೂರರಲ್ಲಿ ಎಣಿಸಿ ಯಾವ ಗರಕ್ಕೂ ಬರೆಯದಿದ್ದರೆ, ಕಳೆದು ಪಡೆದ ಎಂಟು ಸುಮ್ಮನೆ ಉಬ್ಬುತ್ತದೆ. ಅನುಮಾನ ಬಂದರೆ ಎಂಟನ್ನೂ ಬೇರೆಯಾಗಿ ಎಣಿಸಿ. ಮೊತ್ತ ಒಂದಕ್ಕಿಂತ ಕಡಿಮೆಯಾದರೆ ಒರಗಿದ ಎಸೆತಗಳು ಅಲ್ಲಿವೆ.